ಮುಹೂರ್ತದೊಳಗೆ ಮನೆ ಮುಗಿಯುತ್ತದೆಯೇ? ಪರ್ಟ್ ಲೆಕ್ಕ ಏನು ಹೇಳುತ್ತದೆ, ಏನು ಮುಚ್ಚಿಡುತ್ತದೆ

ಇಂಜಿನಿಯರಿಂಗ್, ಎಂಬಿಎ ಓದಿದವರಿಗೆ ಪರ್ಟ್ ಅಂದರೆ ಹತ್ತು ಅಂಕದ ಒಂದು ಲೆಕ್ಕ. ಪ್ರತಿ ಕೆಲಸಕ್ಕೂ ಮೂರು ಸಂಖ್ಯೆ ಕೊಟ್ಟಿರುತ್ತಾರೆ. ಸೂತ್ರಕ್ಕೆ ಹಾಕಿ, ಕೂಡಿಸಿ, ಕೊನೆಗೆ ಒಂದು ಕೋಷ್ಟಕ ನೋಡಿ ‘ಶೇಕಡಾ ಇಷ್ಟು’ ಎಂದು ಬರೆದು ಕೆಳಗೆರಡು ಗೆರೆ ಎಳೆದರೆ ಮುಗಿಯಿತು. ಆ ಶೇಕಡಾ ಎಷ್ಟರಮಟ್ಟಿಗೆ ನಿಜ ಎಂದು ಪರೀಕ್ಷೆಯಲ್ಲಿ ಯಾರೂ ಕೇಳುವುದಿಲ್ಲ. ಇಲ್ಲಿ ಅದನ್ನೇ ಕೇಳೋಣ. ಅದಕ್ಕೆ ಮೊದಲು ಲೆಕ್ಕವನ್ನು ಪರೀಕ್ಷೆಯಲ್ಲಿ ಮಾಡುವ ಹಾಗೆಯೇ ಪೂರ್ತಿ ಮಾಡಬೇಕು.

ಒಂದು ಮನೆ ಎಂದಿಟ್ಟುಕೊಳ್ಳಿ. ಆರ್‌ಸಿಸಿ ಆಗಿದೆ, ಗೋಡೆ ಕೊರೆದು ವೈರಿಂಗ್ ಪೈಪು, ನೀರಿನ ಪೈಪು ಹೂತಾಗಿದೆ, ಬಾಗಿಲು-ಕಿಟಕಿಗಳ ಚೌಕಟ್ಟುಗಳು ಗೋಡೆಯಲ್ಲಿ ಕೂತಿವೆ. ಉಳಿದಿರುವುದು ಪ್ಲಾಸ್ಟರಿಂಗ್, ಅದಾದ ಮೇಲೆ ನೆಲಕ್ಕೆ ಟೈಲ್ಸ್, ಕೊನೆಗೆ ಪೇಂಟಿಂಗ್. ಇದರ ಜೊತೆಗೇ ಬಡಗಿಯ ಅಂಗಡಿಯಲ್ಲಿ ಬಾಗಿಲು-ಕಿಟಕಿಗಳ ಕದಗಳು ತಯಾರಾಗಿ ಬಂದು ಕೂರಬೇಕು. ಟೈಲ್ಸ್ ಮುಗಿದು ಕದಗಳೂ ಕೂತ ಮೇಲೆಯೇ ಪೇಂಟಿಂಗ್ ಶುರು. ಕದ ಕೂರಿಸುವಾಗ ಉಳಿ-ಸುತ್ತಿಗೆ ತಗುಲಿ ಹೊಸ ಬಣ್ಣ ಹಾಳಾಗಬಾರದಲ್ಲ. ಪುರೋಹಿತರು ಗೃಹಪ್ರವೇಶಕ್ಕೆ ದಿನ ಗೊತ್ತು ಮಾಡಿಕೊಟ್ಟಿದ್ದಾರೆ. ಕೈಯಲ್ಲಿರುವುದು 38 ದಿನ.

ಮೇಸ್ತ್ರಿಯನ್ನು ‘ಪ್ಲಾಸ್ಟರಿಂಗ್‌ಗೆ ಎಷ್ಟು ದಿನ?’ ಎಂದು ಕೇಳಿದರೆ ಒಂದು ಸಂಖ್ಯೆ ಬರುತ್ತದೆ. ಅದು ಮನೆಯವರನ್ನು ಸಮಾಧಾನ ಮಾಡುವ ಸಂಖ್ಯೆಯೋ, ತನ್ನ ಬೆನ್ನು ಕಾಯ್ದುಕೊಳ್ಳುವ ಸಂಖ್ಯೆಯೋ ನಮಗೆ ತಿಳಿಯುವುದಿಲ್ಲ. ಆದ್ದರಿಂದ ಪರ್ಟ್ ವಿಧಾನ ಮೂರು ಪ್ರಶ್ನೆ ಕೇಳುತ್ತದೆ. ಆಳು, ಮರಳು, ಕರೆಂಟು, ಮಳೆ ಎಲ್ಲ ಕೂಡಿಬಂದರೆ ಎಷ್ಟು ದಿನ? ಇದು `a`. ಸಾಮಾನ್ಯವಾಗಿ ಇಂಥ ಮನೆಗೆ ಎಷ್ಟು ಹಿಡಿಯುತ್ತದೆ? ಇದು `m`. ಎಲ್ಲವೂ ಕೈಕೊಟ್ಟರೆ? ಇದು `b`. ಭೂಕಂಪ, ಕೋರ್ಟ್ ತಡೆಯಾಜ್ಞೆಗಳಂಥವನ್ನು `b`ಗೆ ಸೇರಿಸುವುದಿಲ್ಲ. ಕೆಲಸದ ಒಳಗೇ ಹುಟ್ಟುವ ತೊಂದರೆಗಳಷ್ಟೇ ಅದರ ವ್ಯಾಪ್ತಿ. ನಮ್ಮ ಮನೆಗೆ ಬಂದ ಉತ್ತರಗಳು, ದಿನಗಳಲ್ಲಿ, ಹೀಗಿವೆ ಎನ್ನೋಣ:

| ಕೆಲಸ | a | m | b |
|---|---|---|---|
| ಪ್ಲಾಸ್ಟರಿಂಗ್ | 10 | 13 | 22 |
| ಟೈಲ್ಸ್ | 6 | 9 | 12 |
| ಕದಗಳು | 12 | 18 | 42 |
| ಪೇಂಟಿಂಗ್ | 8 | 11 | 20 |

ಹೀಗೆ ಮೂರು ಮೂರು ಸಲ ಕೇಳುವ ಪದ್ಧತಿ ಹುಟ್ಟಿದ್ದು ಮನೆ ಕಟ್ಟುವವರಿಂದಲ್ಲ, ಅಮೆರಿಕದ ನೌಕಾಪಡೆಯಿಂದ. ಜಲಾಂತರ್ಗಾಮಿಯಿಂದ ಹಾರಿಸುವ ಪೊಲಾರಿಸ್ ಕ್ಷಿಪಣಿಯ ಹೊಣೆ ಹೊತ್ತ ವಿಶೇಷ ಯೋಜನೆಗಳ ಕಚೇರಿ ಅಲ್ಲಿ 1955ರಲ್ಲಿ ಶುರುವಾಗಿತ್ತು. 1957ರ ಅಕ್ಟೋಬರಿನಲ್ಲಿ ರಷ್ಯಾದ ಸ್ಪುಟ್ನಿಕ್ ಆಕಾಶಕ್ಕೆ ಹಾರಿದ ಮೇಲೆ ‘ಬೇಗ, ಇನ್ನೂ ಬೇಗ’ ಎಂಬ ಒತ್ತಡ ಹೆಚ್ಚಿತು. ಹಿಂದೆ ಯಾರೂ ಮಾಡದ ಕೆಲಸ ಅದು. ಇಂಥ ಭಾಗ ಎಷ್ಟು ವಾರದಲ್ಲಿ ತಯಾರಾಗುತ್ತದೆ ಎಂದು ಕೇಳಿದರೆ ಇಂಜಿನಿಯರುಗಳು ಒಂದೇ ಸಂಖ್ಯೆ ಕೊಡಲು ಹಿಂಜರಿಯುವುದು ಸಹಜ. ಕೊಟ್ಟರೆ ಅದೇ ಕೊಟ್ಟ ಮಾತಾಗಿಬಿಡುತ್ತದೆ. ಮೂರು ಸಂಖ್ಯೆ ಕೇಳಿದಾಗ ಮಾತು ಕೊಡುವ ಭಾರ ಇಳಿದು, ತನಗೆ ಎಷ್ಟರಮಟ್ಟಿಗೆ ಗೊತ್ತಿಲ್ಲ ಎಂಬುದನ್ನೂ ಹೇಳಲು ದಾರಿಯಾಗುತ್ತದೆ. ನೌಕಾಪಡೆಯವರು, ಲಾಕ್‌ಹೀಡ್ ಕಂಪನಿ ಮತ್ತು ಬೂಜ್ ಅಲೆನ್ ಹ್ಯಾಮಿಲ್ಟನ್ ಎಂಬ ಸಲಹಾ ಸಂಸ್ಥೆಯವರು ಸೇರಿ 1958ರಲ್ಲಿ ಈ ವಿಧಾನ ಕಟ್ಟಿದರು. ಮಾಲ್ಕಮ್, ರೋಸ್‌ಬೂಮ್, ಕ್ಲಾರ್ಕ್, ಫಜಾರ್ ಎಂಬ ನಾಲ್ವರು 1959ರಲ್ಲಿ ಅದರ ಬಗ್ಗೆ ಪ್ರಬಂಧ ಪ್ರಕಟಿಸಿದರು. ಈ ನಾಲ್ವರಲ್ಲಿ ಕ್ಲಾರ್ಕ್ ಹೆಸರನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಈಗ ಲೆಕ್ಕ. ಮೂರು ಅಂದಾಜನ್ನು ಒಂದು ನಿರೀಕ್ಷಿತ ಅವಧಿಯನ್ನಾಗಿ ಮಾಡುವ ಸೂತ್ರ, ಮತ್ತು ಅದು ಎಷ್ಟು ಹಿಂದೆಮುಂದೆ ಆಗಬಹುದು ಎಂಬುದನ್ನು ಅಳೆಯುವ ವೇರಿಯನ್ಸ್ ಸೂತ್ರ:

```
te = (a + 4m + b) / 6
variance = ((b - a) / 6)^2
```

ಪ್ಲಾಸ್ಟರಿಂಗ್‌ಗೆ ಹಾಕಿ ನೋಡಿ. 10, ನಾಲ್ಕು ಹದಿಮೂರಲ 52, 22, ಒಟ್ಟು 84, ಆರರಿಂದ ಭಾಗಿಸಿದರೆ 14. ಮೇಸ್ತ್ರಿ ‘ಸಾಮಾನ್ಯವಾಗಿ 13’ ಎಂದಿದ್ದರೂ ನಿರೀಕ್ಷಿತ ಅವಧಿ 14 ಬಂತು. ಬೇಗ ಮುಗಿಯುವುದಾದರೆ ಹೆಚ್ಚೆಂದರೆ ಮೂರು ದಿನ ಬೇಗ, ತಡವಾಗುವುದಾದರೆ ಒಂಬತ್ತು ದಿನದವರೆಗೂ ತಡ. ತಡದ ಬದಿಗೆ ಬಾಲ ಉದ್ದ, ಅದಕ್ಕೇ ಸರಾಸರಿ ಆ ಕಡೆ ಸರಿಯಿತು. ಕದಗಳಲ್ಲಿ ಇದು ಇನ್ನೂ ಎದ್ದು ಕಾಣುತ್ತದೆ: 12, 72, 42 ಸೇರಿ 126, ಆರರಿಂದ ಭಾಗಿಸಿದರೆ 21. ಬಡಗಿ ಹೇಳಿದ್ದು 18, ಲೆಕ್ಕ ಹೇಳುವುದು 21. ಟೈಲ್ಸ್‌ನಲ್ಲಿ ಎರಡು ಬದಿಯೂ ಸಮ, ಹಾಗಾಗಿ 9 ಒಂಬತ್ತಾಗಿಯೇ ಉಳಿಯಿತು. ಪೇಂಟಿಂಗ್‌ಗೆ 12.

ಸೂತ್ರದಲ್ಲಿ ಎರಡು ಕಡೆ ಆರು ಇದೆ, ಎರಡೂ ಒಂದೇ ಆರಲ್ಲ. ಮೊದಲನೆಯದರಲ್ಲಿ ಕಷ್ಟಕಾಲಕ್ಕೆ ಒಂದು ಪಾಲು, ಒಳ್ಳೇಕಾಲಕ್ಕೆ ಒಂದು ಪಾಲು, ಮಾಮೂಲಿಗೆ ನಾಲ್ಕು ಪಾಲು. ಒಟ್ಟು ಆರು ಪಾಲು ಆದ್ದರಿಂದ ಆರರಿಂದ ಭಾಗಿಸುತ್ತೇವೆ. ಎರಡನೆಯದರ ಮೂಲ ಬೇರೆ. ಗಂಟೆಯಾಕಾರದ ಹರಡುವಿಕೆಯಲ್ಲಿ ಸರಾಸರಿಯ ಆಚೀಚೆ ಮೂರು ಮೂರು ಮಾನಕ ವಿಚಲನೆಯೊಳಗೆ ಹೆಚ್ಚುಕಡಿಮೆ ಎಲ್ಲವೂ ಬಂದುಬಿಡುತ್ತದೆ. ಹಾಗಾಗಿ `a`ಯಿಂದ `b`ವರೆಗಿನ ಅಂತರವನ್ನು ಆರು ಮಾನಕ ವಿಚಲನೆ ಎಂದು ಇಟ್ಟುಕೊಂಡರು. ಇದನ್ನು ಯಾರೂ ಅಳೆದು ಕಂಡುಹಿಡಿಯಲಿಲ್ಲ, ಹೀಗಿರಲಿ ಎಂದು ಆರಿಸಿಕೊಂಡರು. ಒಂದೊಂದು ಕೆಲಸದ ಅವಧಿಯೂ ಬೀಟಾ ಎಂಬ ಆಕಾರದಲ್ಲಿ ಹರಡಿರುತ್ತದೆ ಎಂದು ಊಹಿಸಿದ್ದೂ ಹೀಗೆಯೇ: ಅದಕ್ಕೆ ಎರಡು ತುದಿಗಳಿವೆ, ನಡುವೆ ಒಂದೇ ಶಿಖರವಿದೆ, ಶಿಖರ ಯಾವ ಬದಿಗೆ ಬೇಕಾದರೂ ವಾಲಬಹುದು. ಲೆಕ್ಕಕ್ಕೆ ಅನುಕೂಲವಾದ ಆಯ್ಕೆ ಎಂಬುದನ್ನು ಕ್ಲಾರ್ಕ್ 1962ರಲ್ಲಿ ಬರೆದ ಚಿಕ್ಕ ಟಿಪ್ಪಣಿಯಲ್ಲಿ ಮುಚ್ಚುಮರೆಯಿಲ್ಲದೆ ವಿವರಿಸಿದ.

ವೇರಿಯನ್ಸ್‌ಗೆ ಬರೋಣ. ಪ್ಲಾಸ್ಟರಿಂಗ್‌ನಲ್ಲಿ ತುದಿಯಿಂದ ತುದಿಗೆ 12 ದಿನ. ಆರರಿಂದ ಭಾಗಿಸಿದರೆ 2. ವರ್ಗ ಮಾಡಿದರೆ 4. ಟೈಲ್ಸ್‌ಗೆ 1. ಪೇಂಟಿಂಗ್‌ಗೆ ಮತ್ತೆ 4. ಕದಗಳಿಗೆ ಅಂತರ 30, ಭಾಗಿಸಿದರೆ 5, ವರ್ಗ 25. ಉಳಿದ ಮೂರೂ ಕೆಲಸಗಳನ್ನು ಕೂಡಿಸಿದರೂ 9 ದಾಟದಿರುವಾಗ ಬಡಗಿಯ ಅಂಗಡಿಯೊಂದರದೇ 25. ಈ ಸಂಖ್ಯೆಯನ್ನು ಮರೆಯದಿರಿ.

ಮನೆಗೆ ಎರಡು ದಾರಿಗಳಿವೆ. ಪ್ಲಾಸ್ಟರಿಂಗ್, ಟೈಲ್ಸ್, ಪೇಂಟಿಂಗ್ ಒಂದು ದಾರಿ: 14, 9, 12 ಸೇರಿ 35 ದಿನ. ಕದ, ಪೇಂಟಿಂಗ್ ಇನ್ನೊಂದು: 21, 12 ಸೇರಿ 33 ದಿನ. ಉದ್ದದ ದಾರಿಯೇ ಕ್ರಿಟಿಕಲ್ ಪಾತ್, ಅಂದರೆ ಅದರಲ್ಲಿ ಒಂದು ದಿನ ತಡವಾದರೆ ಮನೆಯೇ ಒಂದು ದಿನ ತಡ. ಕದದ ದಾರಿಗೆ ಎರಡು ದಿನದ ಬಿಡುವಿದೆ. ಆದ್ದರಿಂದ ಯೋಜನೆಯ ನಿರೀಕ್ಷಿತ ಅವಧಿ 35 ದಿನ, ವೇರಿಯನ್ಸ್ 4+1+4, ಅಂದರೆ 9. ವರ್ಗಮೂಲ ತೆಗೆದರೆ ಮಾನಕ ವಿಚಲನೆ 3 ದಿನ.

ವಿದ್ಯಾರ್ಥಿಗಳು ಎಡವುವುದು ಇಲ್ಲೇ. ಮಾನಕ ವಿಚಲನೆಗಳನ್ನೇ ನೇರ ಕೂಡಿಸಿ 2+1+2, ಅಂದರೆ 5 ಎಂದು ಬರೆಯುತ್ತಾರೆ. ಕೆಲವರು ನಾಲ್ಕೂ ಕೆಲಸಗಳ ವೇರಿಯನ್ಸ್ ಕೂಡಿಸಿ 34 ಮಾಡುತ್ತಾರೆ. ಎರಡೂ ತಪ್ಪು. ಕೂಡಿಸಬೇಕಾದ್ದು ವೇರಿಯನ್ಸನ್ನು, ಅದೂ ಕ್ರಿಟಿಕಲ್ ಪಾತ್‌ನ ಮೇಲಿರುವುದನ್ನು ಮಾತ್ರ. ಯಾಕೆ 5 ಅಲ್ಲ, 3? ಪ್ಲಾಸ್ಟರಿಂಗ್ ಎರಡು ದಿನ ತಡವಾದರೆ ಪೇಂಟಿಂಗೂ ತಡವೇ ಆಗಬೇಕೆಂದೇನಿಲ್ಲ. ಒಂದರಲ್ಲಿ ಕಳೆದುಕೊಂಡದ್ದನ್ನು ಇನ್ನೊಂದರಲ್ಲಿ ಗಳಿಸಿಕೊಳ್ಳಬಹುದು. ಒಂದಕ್ಕೊಂದು ಸಂಬಂಧವಿಲ್ಲದ ಏರುಪೇರುಗಳು ಹೀಗೆ ಒಂದಿಷ್ಟು ತಾವೇ ಸರಿಹೋಗುತ್ತವೆ. ವೇರಿಯನ್ಸ್ ಕೂಡಿಸಿ ವರ್ಗಮೂಲ ತೆಗೆದಾಗ ಸಿಗುವ ರಿಯಾಯಿತಿ ಅದೇ.

ಕೊನೆಯ ಹೆಜ್ಜೆ. ಮುಹೂರ್ತಕ್ಕೆ 38 ದಿನ, ನಿರೀಕ್ಷೆ 35, ಮಾನಕ ವಿಚಲನೆ 3.

```
Z = (38 - 35) / 3 = 1
```

ಸಾಮಾನ್ಯ ವಿತರಣೆಯ ಕೋಷ್ಟಕದಲ್ಲಿ 1ರ ಎದುರು 0.8413 ಎಂದಿದೆ. ಉತ್ತರ: ಮುಹೂರ್ತದೊಳಗೆ ಮನೆ ಮುಗಿಯುವ ಸಂಭವ ಶೇ. 84.13. ಇದೇ ಲೆಕ್ಕವನ್ನು ತಿರುಗಿಸಿ ‘ಶೇ. 95 ಭರವಸೆ ಬೇಕಾದರೆ ಎಷ್ಟು ದಿನ ಇಟ್ಟುಕೊಳ್ಳಬೇಕು?’ ಎಂದೂ ಕೇಳುತ್ತಾರೆ. ಆಗ `Z` 1.645, ಮೂರರಿಂದ ಗುಣಿಸಿ 35ಕ್ಕೆ ಸೇರಿಸಿದರೆ ಹತ್ತಿರ ಹತ್ತಿರ 40 ದಿನ. ಇಲ್ಲಿಗೆ ಪೂರ್ಣಾಂಕ.

ಆದರೆ ಇಲ್ಲಿಯವರೆಗಿನ ಲೆಕ್ಕದಲ್ಲಿ ಬಡಗಿ ಎಲ್ಲಿದ್ದಾನೆ? ಎಲ್ಲೂ ಇಲ್ಲ. 25 ವೇರಿಯನ್ಸ್ ಇರುವ, 42 ದಿನದವರೆಗೂ ಎಳೆಯಬಹುದಾದ ಕೆಲಸವನ್ನು, ಅದರ ಸರಾಸರಿ ಎರಡು ದಿನ ಕಡಿಮೆ ಎಂಬ ಒಂದೇ ಕಾರಣಕ್ಕೆ ಪಕ್ಕಕ್ಕಿಟ್ಟೆವು. ಮನೆ ಕಟ್ಟಿಸಿದವರು ಯಾರಾದರೂ ಇದನ್ನು ಓದಿದರೆ ನಕ್ಕಾರು. ಗೃಹಪ್ರವೇಶದ ಹಿಂದಿನ ರಾತ್ರಿಯವರೆಗೂ ಬಾಕಿ ಉಳಿಯುವುದು ಮರಗೆಲಸವೇ ಎಂದು ಅವರಿಗೆ ಗೊತ್ತು. ಮರ ಇನ್ನೂ ಹಸಿ ಇದೆ, ಒಣಗದೆ ಮಾಡಿದರೆ ಕದ ಸೊಟ್ಟಾಗುತ್ತದೆ. ನಡುವೆ ಹಬ್ಬ ಬಂತು. ಬಡಗಿ ಇನ್ನೊಂದು ಮನೆಯ ಕೆಲಸ ಒಪ್ಪಿಕೊಂಡಿದ್ದಾನೆ. ಮಿಷನ್ ಕೊಯ್ಲಿಗೆ ಕರೆಂಟಿಲ್ಲ. ನೆಪಗಳಲ್ಲ ಇವು, ಹೆಚ್ಚಿನವು ನಿಜವಾದ ಕಾರಣಗಳೇ.

ಬಿಟ್ಟುಬಿಟ್ಟ ದಾರಿಗೂ ಅದೇ ಲೆಕ್ಕ ಮಾಡಿ ನೋಡೋಣ. ಕದ ಮತ್ತು ಪೇಂಟಿಂಗ್ ಸೇರಿ 33 ದಿನ. ವೇರಿಯನ್ಸ್ 25+4, ಅಂದರೆ 29. ಮಾನಕ ವಿಚಲನೆ ಸುಮಾರು 5.4 ದಿನ. 38 ದಿನಕ್ಕೆ `Z` 0.93 ಬರುತ್ತದೆ, ಕೋಷ್ಟಕದಲ್ಲಿ ಅದು ಶೇ. 82. ಕ್ರಿಟಿಕಲ್ ಪಾತ್‌ನದು 84. ಅಂದರೆ ‘ಬಿಡುವಿದೆ, ಚಿಂತೆಯಿಲ್ಲ’ ಎಂದುಕೊಂಡ ದಾರಿಯೇ ಮುಹೂರ್ತ ತಪ್ಪಿಸುವುದರಲ್ಲಿ ಒಂದು ಕೈ ಮುಂದಿದೆ. ಕ್ರಿಟಿಕಲ್ ಪಾತ್ ಎಂದರೆ ಸರಾಸರಿಯಲ್ಲಿ ಅತಿ ಉದ್ದದ ದಾರಿ ಅಷ್ಟೇ. ಅತಿ ಅಪಾಯದ ದಾರಿ ಅದೇ ಆಗಿರಬೇಕೆಂಬ ನಿಯಮ ಇಲ್ಲ.

ಇನ್ನೂ ಮುಖ್ಯವಾದ ಮಾತು ಮುಂದಿದೆ. ಮನೆ ಮುಗಿಯಬೇಕಾದರೆ ಎರಡೂ ದಾರಿ ಮುಗಿಯಬೇಕು. ಒಂದು ಮುಗಿದು ಇನ್ನೊಂದು ಉಳಿದರೆ ಗೃಹಪ್ರವೇಶವಿಲ್ಲ. ಎರಡಕ್ಕೂ ಪರಸ್ಪರ ಏನೂ ಸಂಬಂಧವಿಲ್ಲದಿದ್ದರೆ ಎರಡೂ ಮುಗಿಯುವ ಸಂಭವ 84ರ 82 ಭಾಗ, ಸುಮಾರು 69. ಆದರೆ ಕೊನೆಯ ಪೇಂಟಿಂಗ್ ಎರಡು ದಾರಿಗೂ ಒಂದೇ. ಅದು ಬೇಗ ಮುಗಿದರೆ ಎರಡಕ್ಕೂ ಲಾಭ, ತಡವಾದರೆ ಎರಡಕ್ಕೂ ನಷ್ಟ. ಇದನ್ನೂ ಗಣಿಸಿ ಲೆಕ್ಕ ಮಾಡಿದರೆ ಸುಮಾರು ಶೇ. 71 ಬರುತ್ತದೆ. ಪರೀಕ್ಷೆಯಲ್ಲಿ 84, ಮನೆಯಲ್ಲಿ 71. ಆರು ಮನೆಗಳಲ್ಲಿ ಒಂದು ಮುಹೂರ್ತ ತಪ್ಪುತ್ತದೆ ಎನ್ನುವುದಕ್ಕೂ, ಏಳರಲ್ಲಿ ಎರಡು ತಪ್ಪುತ್ತವೆ ಎನ್ನುವುದಕ್ಕೂ ಇರುವಷ್ಟು ವ್ಯತ್ಯಾಸ ಇದು. ಶೇ. 95ರ ಭರವಸೆಯ 40 ದಿನವೂ ಹೀಗೆಯೇ ಕರಗಿ ಸುಮಾರು 87ಕ್ಕೆ ಇಳಿಯುತ್ತದೆ.

ಸರಾಸರಿ ಕೂಡ ಉಳಿಯುವುದಿಲ್ಲ. ಪೇಂಟರುಗಳು ಬ್ರಷ್ ಹಿಡಿದು ಒಳಗೆ ಬರುವುದು ಟೈಲ್ಸ್ ಮತ್ತು ಕದ ಎರಡರಲ್ಲಿ ಯಾವುದು ತಡವೋ ಅದು ಮುಗಿದ ಮೇಲೆ. ಟೈಲ್ಸ್ ಸರಾಸರಿ 23ನೇ ದಿನ ಮುಗಿಯುತ್ತದೆ, ಕದ 21ನೇ ದಿನ. ಹಾಗಾದರೆ ಪೇಂಟರುಗಳು ಸರಾಸರಿ 23ಕ್ಕೆ ಬರಬೇಕಲ್ಲವೇ? ಇಲ್ಲ. ಕದ ಬೇಗ ಬಂದ ದಿನಗಳಲ್ಲಿ ಅದರಿಂದ ಲಾಭವಿಲ್ಲ, ಟೈಲ್ಸ್‌ಗಾಗಿ ಕಾಯಲೇಬೇಕು. ಕದ ತಡವಾದಾಗ ಮಾತ್ರ ಅದರ ಪೂರಾ ನಷ್ಟ ತಲೆ ಮೇಲೆ ಬೀಳುತ್ತದೆ. ಬೇಗ ಆದದ್ದು ಖಾತೆಗೆ ಜಮಾ ಆಗುವುದಿಲ್ಲ, ತಡ ಆದದ್ದು ಮಾತ್ರ ಖರ್ಚಿಗೆ ಬೀಳುತ್ತದೆ. ಲೆಕ್ಕ ಹಾಕಿದರೆ ಪೇಂಟರುಗಳು ಬರುವುದು ಸರಾಸರಿ 24.3ನೇ ದಿನ. ಯೋಜನೆಯ ನಿಜವಾದ ಸರಾಸರಿ 35 ಅಲ್ಲ, ಸುಮಾರು 36.3. ಇನ್ನು 35ನೇ ದಿನಕ್ಕೆ ಮುಗಿಯುವ ಸಂಭವ ಪಠ್ಯಪುಸ್ತಕದ ಪ್ರಕಾರ ಅರ್ಧಕ್ಕರ್ಧ, ನಿಜದಲ್ಲಿ ಸುಮಾರು ಶೇ. 36.

ಹೀಗೆ ಎರಡು ಅನಿಶ್ಚಿತ ಸಂಖ್ಯೆಗಳಲ್ಲಿ ದೊಡ್ಡದರ ಸರಾಸರಿ ಎಷ್ಟು ಎಂದು ಕಂಡುಹಿಡಿಯುವ ಸೂತ್ರವನ್ನು ಪ್ರಕಟಿಸಿದ್ದು ಅದೇ ಕ್ಲಾರ್ಕ್, 1961ರಲ್ಲಿ. ಅಂದರೆ ಪರ್ಟ್ ಕಟ್ಟಿದವರಿಗೇ ಅದರ ಕೊರತೆ ಮೊದಲಿನಿಂದ ಗೊತ್ತಿತ್ತು. 1964ರಲ್ಲಿ ಮ್ಯಾಕ್‌ಕ್ರಿಮ್ಮನ್ ಮತ್ತು ರಯಾವೆಕ್ ಎಂಬಿಬ್ಬರು ಈ ವಿಧಾನದ ಊಹೆಗಳನ್ನು ಒಂದೊಂದಾಗಿ ಪರೀಕ್ಷಿಸಿ, ಕ್ರಿಟಿಕಲ್ ಪಾತ್‌ಗೆ ಸಮೀಪದ ಉದ್ದದ ದಾರಿಗಳು ಹೆಚ್ಚಿದ್ದಷ್ಟೂ ತಪ್ಪು ದೊಡ್ಡದಾಗುತ್ತದೆ ಎಂದು ತೋರಿಸಿದರು. ಸಾವಿರಾರು ಕೆಲಸಗಳ ಜಾಲದಲ್ಲಿ ಇದನ್ನು ಕೈಯಲ್ಲಿ ಮಾಡುವುದು ಆಗದ ಮಾತು. ಈಗ ಕಂಪ್ಯೂಟರಿನಲ್ಲಿ ಪ್ರತಿ ಕೆಲಸಕ್ಕೂ ಮೂರು ಅಂದಾಜಿನೊಳಗಿಂದ ಒಂದೊಂದು ಅವಧಿಯನ್ನು ಚೀಟಿ ಎತ್ತಿದ ಹಾಗೆ ಆರಿಸಿ, ಇಡೀ ಯೋಜನೆಯನ್ನು ಹತ್ತು ಸಾವಿರ ಸಲ ‘ಕಟ್ಟಿ’, ಎಷ್ಟು ಸಲ ಮುಹೂರ್ತದೊಳಗೆ ಮುಗಿಯಿತು ಎಂದು ಎಣಿಸುತ್ತಾರೆ. ಮಾಂಟೆ ಕಾರ್ಲೊ ವಿಧಾನ ಎನ್ನುವುದು ಇದನ್ನೇ.

ನಾನು ಕೊಟ್ಟ 71 ಕೂಡ ಕಲ್ಲಿನ ಮೇಲೆ ಕೆತ್ತಿದ ಸಂಖ್ಯೆಯೇನಲ್ಲ. ಕದದ ದಾರಿಯಲ್ಲಿ ಎರಡೇ ಕೆಲಸ, ಅದರಲ್ಲೂ ಒಂದು ಬಲವಾಗಿ ಒಂದು ಬದಿಗೆ ವಾಲಿದ್ದು. ಗಂಟೆಯಾಕಾರದ ರೇಖೆ ಅದಕ್ಕೆ ಅಷ್ಟು ಚೆನ್ನಾಗಿ ಹೊಂದುವುದಿಲ್ಲ. ತುಂಬ ಕೆಲಸಗಳು ಸಾಲಾಗಿ ಇದ್ದಾಗ ಮಾತ್ರ ಆ ರೇಖೆಯನ್ನು ಧೈರ್ಯವಾಗಿ ನಂಬಬಹುದು. ಆದರೂ 84 ಮತ್ತು 71ರ ನಡುವಿನ ಅಂತರ ಇಂಥ ಒರಟುತನಕ್ಕೆ ಅಳಿಸಿಹೋಗುವಂಥದ್ದಲ್ಲ.

ಈ ಲೆಕ್ಕದಿಂದ ಮನೆಯವರಿಗೆ ಉಪಯೋಗವಾಗುವುದು ದುಡ್ಡು ಎಲ್ಲಿ ಹಾಕಬೇಕು ಎಂಬ ಪ್ರಶ್ನೆ ಬಂದಾಗ. ಮುಹೂರ್ತದ ಭಯ ಹತ್ತಿದ ಕೂಡಲೇ ಎಲ್ಲರೂ ಮಾಡುವುದು ಮೇಸ್ತ್ರಿಗೆ ಹೇಳಿ ಗಾರೆಯವರನ್ನು ಹೆಚ್ಚಿಸುವುದು. ಪಠ್ಯಪುಸ್ತಕವೂ ಅದನ್ನೇ ಹೇಳುತ್ತದೆ: ಕ್ರಿಟಿಕಲ್ ಪಾತ್‌ನ ಮೇಲಿನ ಕೆಲಸವನ್ನು ಮೊಟಕು ಮಾಡಿ. ಹೆಚ್ಚಿನ ಕೂಲಿ ಕೊಟ್ಟು ಪ್ಲಾಸ್ಟರಿಂಗ್‌ನಲ್ಲಿ ಎರಡು ದಿನ ಉಳಿಸಿದಿರಿ ಎನ್ನಿ. ಹಳೆಯ ಲೆಕ್ಕದಲ್ಲಿ ಕ್ರಿಟಿಕಲ್ ಪಾತ್ ಒಂದರ ಸಂಭವ ಶೇ. 95ಕ್ಕೆ ಹಾರುತ್ತದೆ. ಎರಡೂ ದಾರಿ ಸೇರಿಸಿ ನೋಡಿದರೆ 71 ಇದ್ದದ್ದು ಸುಮಾರು 79 ಆಗುತ್ತದೆ, ಅಷ್ಟೇ. ಅದರ ಬದಲು ಗಾರೆಯವರನ್ನು ಮುಟ್ಟದೆ, ಪ್ಲಾಸ್ಟರಿಂಗ್ ಶುರುವಾಗುವುದಕ್ಕೆ ಒಂದು ವಾರ ಮೊದಲೇ ಬಡಗಿಗೆ ಅಳತೆ, ಮರ, ಅಡ್ವಾನ್ಸ್ ಮೂರನ್ನೂ ಕೊಟ್ಟುಬಿಟ್ಟರೆ? ಕದದ ಕೆಲಸ ಏಳು ದಿನ ಮೊದಲೇ ಹೊರಡುತ್ತದೆ, ಸಂಭವ ಸುಮಾರು ಶೇ. 83ಕ್ಕೆ ಏರುತ್ತದೆ. ಖರ್ಚು ಒಂದು ಪೈಸೆ ಹೆಚ್ಚಿಲ್ಲ. ಕೊಡಬೇಕಾಗಿದ್ದ ದುಡ್ಡನ್ನೇ ಒಂದು ವಾರ ಮುಂಚೆ ಕೊಟ್ಟಂತಾಯಿತು. ಚೌಕಟ್ಟು ಕೂತಾಗಿರುವುದರಿಂದ ಕದದ ಅಳತೆ ತೆಗೆಯಲು ಪ್ಲಾಸ್ಟರಿಂಗ್‌ಗೆ ಕಾಯಬೇಕಾದ ಕಾರಣವೂ ಇಲ್ಲ.

ಇಷ್ಟೆಲ್ಲ ಹೇಳಿದ ಮೇಲೂ ಎರಡು ಕಡೆ ಈ ಲೆಕ್ಕ ನಮ್ಮನ್ನು ಮೋಸ ಮಾಡಬಹುದು.

ಒಂದು, `b` ಎಂಬ ಸಂಖ್ಯೆ. ಸೂತ್ರದ ಪ್ರಕಾರ ಅದು ಅದಕ್ಕಿಂತ ತಡವಾಗಲು ಸಾಧ್ಯವೇ ಇಲ್ಲ ಎನ್ನುವಂಥ ಕೊನೆಯ ತುದಿ. ಬಡಗಿಯ ಬಾಯಲ್ಲಿ ‘ತುಂಬ ಅಂದ್ರೆ ಆರು ವಾರ ಸಾರ್’ ಎಂದು ಬರುವುದು ಆ ತುದಿಯಲ್ಲ. ಅವನು ಕಂಡ ಕೆಟ್ಟ ಅನುಭವಗಳಲ್ಲಿ ಒಂದನ್ನು ಹೇಳುತ್ತಿದ್ದಾನೆ. ಇಪ್ಪತ್ತು ಮನೆಗಳಲ್ಲಿ ಒಂದರಲ್ಲಿ ಅದಕ್ಕಿಂತಲೂ ತಡವಾಗಿರುತ್ತದೆ. ಮನುಷ್ಯರು ತುದಿಗಳನ್ನು ಹೇಳುವುದರಲ್ಲಿ ದುರ್ಬಲರು ಎಂಬುದನ್ನು ಗಮನಿಸಿ ಮೋಡರ್ ಮತ್ತು ರಾಜರ್ಸ್ ಎಂಬವರು 1968ರಲ್ಲಿ ಬೇರೆ ಸಲಹೆ ಕೊಟ್ಟರು. ನೂರರಲ್ಲಿ ಐದು ಸಲ ಮಾತ್ರ ಅದಕ್ಕಿಂತ ಬೇಗ, ಐದು ಸಲ ಮಾತ್ರ ಅದಕ್ಕಿಂತ ತಡ ಎನ್ನುವಂಥ ಸಂಖ್ಯೆಗಳನ್ನು ಕೇಳಿ. ಆಗ ಅಂತರವನ್ನು ಆರರಿಂದಲ್ಲ, 3.2ರಿಂದ ಭಾಗಿಸಿ. ನಮ್ಮ ಬಡಗಿಯ 12 ಮತ್ತು 42 ಅಂಥ ಸಂಖ್ಯೆಗಳೇ ಆಗಿದ್ದರೆ ಮಾನಕ ವಿಚಲನೆ 5 ದಿನವಲ್ಲ, ಒಂಬತ್ತಕ್ಕೂ ಹೆಚ್ಚು. ಆದ್ದರಿಂದ ‘ಹೆಚ್ಚೆಂದರೆ ಎಷ್ಟು ದಿನ?’ ಎಂದು ಕೇಳುವುದಕ್ಕಿಂತ ‘ಹಿಂದಿನ ಇಪ್ಪತ್ತು ಮನೆಗಳಲ್ಲಿ ತೀರಾ ತಡವಾದದ್ದು ಎಷ್ಟು ದಿನ?’ ಎಂದು ಕೇಳುವುದು ಮೇಲು. ಆದದ್ದನ್ನು ನೆನಪಿಸಿಕೊಂಡು ಹೇಳುವುದು ಆಗಬಹುದಾದದ್ದನ್ನು ಊಹಿಸಿ ಹೇಳುವುದಕ್ಕಿಂತ ಸುಲಭ.

ಎರಡು, ಒಂದರ ತಡಕ್ಕೂ ಇನ್ನೊಂದರ ತಡಕ್ಕೂ ಸಂಬಂಧವಿಲ್ಲ ಎಂಬ ಊಹೆ. ಮಲೆನಾಡಿನಲ್ಲೋ ಕರಾವಳಿಯಲ್ಲೋ ಜೂನ್ ತಿಂಗಳಲ್ಲಿ ಮನೆ ಮುಗಿಸಲು ಹೊರಟವರು ಇದನ್ನು ಒಪ್ಪುವುದಿಲ್ಲ. ಮಳೆ ಹಿಡಿದರೆ ಪ್ಲಾಸ್ಟರ್ ಒಣಗುವುದಿಲ್ಲ, ಒಣಗದ ಗೋಡೆಗೆ ಪುಟ್ಟಿ ಹಾಕಲಾಗುವುದಿಲ್ಲ, ಮರವೂ ಒಣಗುವುದಿಲ್ಲ. ಒಂದೇ ಕಾರಣ ಎಲ್ಲವನ್ನೂ ಒಂದೇ ದಿಕ್ಕಿಗೆ ಎಳೆಯುತ್ತದೆ. ಊರಿನಲ್ಲಿ ಒಂದೇ ಗುಂಪಿನ ಆಳುಗಳು ಎಲ್ಲ ಕೆಲಸಕ್ಕೂ ಬರುವುದಾದರೂ ಇದೇ ಪಾಡು. ಆಗ ಏರುಪೇರುಗಳು ಪರಸ್ಪರ ಸರಿಹೋಗುವುದಿಲ್ಲ, ಒಂದರ ಮೇಲೊಂದು ಪೇರಿಕೊಳ್ಳುತ್ತವೆ. ವಿಚಿತ್ರವೆಂದರೆ, ವಿದ್ಯಾರ್ಥಿ ತಪ್ಪಾಗಿ ಕೂಡಿಸಿದ 2+1+2, ಅಂದರೆ 5 ಎಂಬ ಉತ್ತರ, ಎಲ್ಲ ಕೆಲಸಗಳೂ ಪೂರ್ತಿ ಒಟ್ಟಿಗೇ ಏರಿಳಿಯುವ ಸ್ಥಿತಿಗೆ ಸರಿಯಾದ ಮಾನಕ ವಿಚಲನೆ. ಅದನ್ನು ಹಾಕಿದರೆ `Z` 0.6 ಆಗಿ, ಕ್ರಿಟಿಕಲ್ ಪಾತ್ ಒಂದರ ಸಂಭವವೇ 84ರಿಂದ 73ಕ್ಕೆ ಇಳಿಯುತ್ತದೆ. ಮಳೆಗಾಲದ ಮನೆಗೆ ಸತ್ಯ ಈ ಎರಡರ ನಡುವೆ ಎಲ್ಲೋ ಇದೆ.

ಪೊಲಾರಿಸ್ ಏನಾಯಿತು? 1960ರ ಜುಲೈ 20ರಂದು ಜಾರ್ಜ್ ವಾಷಿಂಗ್ಟನ್ ಎಂಬ ಜಲಾಂತರ್ಗಾಮಿ ನೀರಿನಡಿಯಿಂದ ಕ್ಷಿಪಣಿಗಳನ್ನು ಹಾರಿಸಿತು. ಯೋಜನೆಯ ಹೆಸರಿನ ಜೊತೆಗೆ ಪರ್ಟ್‌ನ ಹೆಸರೂ ಲೋಕಪ್ರಸಿದ್ಧವಾಯಿತು. ಆದರೆ ಆ ಯೋಜನೆಯನ್ನು ಆಳವಾಗಿ ಅಧ್ಯಯನ ಮಾಡಿದ ಹಾರ್ವೆ ಸಪೋಲ್ಸ್ಕಿ 1972ರ ತನ್ನ ಪುಸ್ತಕದಲ್ಲಿ ಬೇರೆಯೇ ಮಾತು ಹೇಳುತ್ತಾನೆ. ಅವನ ಪ್ರಕಾರ ಪರ್ಟ್ ಕೆಲಸ ಬೇಗ ಮಾಡಿಸಿದ್ದಕ್ಕಿಂತ, ‘ಇಲ್ಲಿ ಎಲ್ಲ ವೈಜ್ಞಾನಿಕವಾಗಿ ನಡೆಯುತ್ತಿದೆ’ ಎಂದು ತೋರಿಸಿ ಹೊರಗಿನವರು ಮೂಗು ತೂರಿಸದಂತೆ ತಡೆದದ್ದೇ ಹೆಚ್ಚು. ಪಾಠದ ಪುಸ್ತಕಗಳಲ್ಲಿ ಮೊದಲ ಪ್ಯಾರಾದಲ್ಲೇ ಬರುವ ಪೊಲಾರಿಸ್ ಯಶಸ್ಸಿನ ಕತೆಯ ಪಕ್ಕದಲ್ಲಿ ಈ ಮಾತೂ ಇರಬೇಕಾಗಿತ್ತು. ದಶಮಾಂಶದ ನಂತರ ಎರಡು ಅಂಕಿ ಇರುವ ಸಂಖ್ಯೆಗೆ ಮೇಲಧಿಕಾರಿಗಳು ಸುಮ್ಮನಾಗುವುದು ಎಲ್ಲ ದೇಶಗಳಲ್ಲೂ ಉಂಟು.

ಪರೀಕ್ಷೆಗೆ ಕೂರುವವರು 84.13 ಎಂದೇ ಬರೆಯಿರಿ, ಅಂಕ ಅದಕ್ಕೇ ಇರುವುದು. ಕೆಳಗೆ ಜಾಗ ಉಳಿದಿದ್ದರೆ ಕ್ರಿಟಿಕಲ್ ಪಾತ್‌ನ ಪಕ್ಕದ ದಾರಿಗೂ `Z` ಹಾಕಿ ಒಂದು ಸಾಲು ಸೇರಿಸಿ. ಮೂರು ನಿಮಿಷದ ಕೆಲಸ. ಮನೆ ಕಟ್ಟಿಸುತ್ತಿರುವವರು ಸೂತ್ರ ಮರೆತರೂ ಚಿಂತೆಯಿಲ್ಲ. `a`ಗೂ `b`ಗೂ ಅತಿ ಹೆಚ್ಚು ಅಂತರ ಯಾರ ಕೆಲಸದಲ್ಲಿದೆ ಎಂದು ನೋಡಿ, ಮೊದಲ ಅಡ್ವಾನ್ಸ್ ಅವರಿಗೆ ಕೊಡಿ.